ಹಳದಿ ಹೆಚ್ಚಾದ ಗೋಡೆ

ಬೀದಿಯ ಈ ಬದಿಗೆ ಔಷಧಿ ಅಂಗಡಿ, ಆ ಬದಿಗೆ ಬಣ್ಣದ ಅಂಗಡಿ. ನಡುವೆ ಹದಿನಾಲ್ಕು ಹೆಜ್ಜೆ ಅಗಲದ ರಸ್ತೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಸಂಬಳಕ್ಕೆ ಮಾತ್ರೆ ಎಣಿಸುತ್ತಿದ್ದವನನ್ನು ಬೀದಿಯವರು ‘ಮುಕ್ಕಾಲು ಡಾಕ್ಟ್ರು’ ಎಂದು ಕರೆಯುತ್ತಿದ್ದರು. ಡಾಕ್ಟರಾಗಬೇಕೆಂದು ಹೊರಟವನು ಅಂಕ ಸಾಲದೆ ಫಾರ್ಮಸಿ ಓದಿ ಅಲ್ಲಿ ನಿಂತಿದ್ದ. ಆ ಹೆಸರನ್ನು ಮೊದಲು ಇಟ್ಟವರು ಅವನ ಅಪ್ಪನೇ. ಮುಕ್ಕಾಲು ಎಂದದ್ದೂ ಉದಾರವಾಯಿತು, ಅರ್ಧ ಎಂದಿದ್ದರೂ ಕೇಳುವವರಿರಲಿಲ್ಲ ಎಂದು ಅವನಿಗೇ ಅನ್ನಿಸುತ್ತಿತ್ತು. ಇಪ್ಪತ್ತೇಳು ವಯಸ್ಸು, ಬಿಳಿ ಕೋಟು, ಕೋಟಿನ ಜೇಬಿನಲ್ಲಿ ಮೂರು ಪೆನ್ನು. ಬರೆಯುತ್ತಿದ್ದುದು ಒಂದೇ.

ಎದುರಿನ ಬಣ್ಣದ ಅಂಗಡಿಯಲ್ಲಿ ಬಣ್ಣ ಕಲಸುತ್ತಿದ್ದವರು ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಹದಿನೇಳಕ್ಕೆ ಕುಂಚ ತೊಳೆಯುವ ಕೆಲಸಕ್ಕೆ ಸೇರಿ, ಐವತ್ತೊಂಬತ್ತಕ್ಕೆ ಬಣ್ಣದ ವಿಷಯದಲ್ಲಿ ಊರೇ ಅವರ ಮಾತಿಗೆ ತಲೆಯಾಡಿಸುವ ಹಂತಕ್ಕೆ ಬಂದಿದ್ದರಿಂದ ಆ ಬಿರುದು. ಅವರು ಯಾವಾಗಲೂ ಬೂದಿ ಬಣ್ಣದ ಅಂಗಿಯನ್ನೇ ಹಾಕುತ್ತಿದ್ದರು. ಕೆಂಪಂಗಿ ತೊಟ್ಟು ಬಿಳಿ ಬಣ್ಣ ಕಲಸಿದರೆ ಅಂಗಿಯ ಛಾಯೆ ಡಬ್ಬಿಗೆ ಬೀಳುತ್ತದೆ, ಕಣ್ಣು ಮೋಸ ಹೋಗುತ್ತದೆ ಎಂಬುದು ಅವರ ಲೆಕ್ಕ. “ನನ್ನ ಮದುವೇಲೂ ಇದೇ ಬಣ್ಣ. ಹುಡುಗಿ ಕಡೆಯೋರು ಅಡುಗೆಯವನು ಅಂದ್ಕೊಂಡು ಸೌದೆ ಎಲ್ಲಿದೆ ಅಂತ ಕೇಳಿದ್ರು,” ಎಂದು ಹೇಳಿ ನಗಿಸುತ್ತಿದ್ದರು.

ಅವರ ವಿದ್ಯೆ ಒಂದೇ. ಹಳೆಯ ಗೋಡೆಗೆ ಹೊಸ ಬಣ್ಣ ಹೊಂದಿಸುವುದು. ಮೂವತ್ತು ವರ್ಷ ಬಿಸಿಲು ತಿಂದು, ಹೊಗೆ ಕುಡಿದು, ಬೆರಳ ಜಿಡ್ಡು ಹತ್ತಿಸಿಕೊಂಡ ಗೋಡೆಯ ಒಂದು ಮೂಲೆ ಮಾತ್ರ ಕಿತ್ತುಹೋಗಿರುತ್ತದೆ. ಆ ಮೂಲೆಗಷ್ಟೇ ಬಣ್ಣ ಬೇಕು, ಬಳಿದದ್ದು ಗೊತ್ತಾಗಬಾರದು. ಬೇರೆಯವರು ಗೋಡೆಯಿಂದ ಒಂದು ಚಕ್ಕೆ ಕೆತ್ತಿ ತಂದು, ಪಕ್ಕದಲ್ಲಿಟ್ಟುಕೊಂಡು ಕಲಸುತ್ತಾರೆ. ಮೇಷ್ಟ್ರು ಚಕ್ಕೆ ತರುತ್ತಿರಲಿಲ್ಲ. ಸಂಜೆ ಹೋಗಿ ಗೋಡೆಯ ಮುಂದೆ ಕಾಲು ಗಂಟೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮನೆಗೆ ಹೋಗಿ ಮಲಗುತ್ತಿದ್ದರು. ಬೆಳಿಗ್ಗೆ ಬಂದು, ಯಾರೊಡನೆಯೂ ಮಾತಾಡದೆ, ಮೊದಲ ಕೆಲಸವಾಗಿ ಕಲಸುತ್ತಿದ್ದರು. “ಚಕ್ಕೆ ಒಂದೇ ಜಾಗದ ಬಣ್ಣ ಹೇಳುತ್ತೆ ಕಣಯ್ಯ. ಗೋಡೆ ಪೂರ್ತಿ ಬಣ್ಣ ತಲೇಲಿ ರಾತ್ರಿ ನೆನೀಬೇಕು, ಕಡಲೆ ನೆನೆದ ಹಾಗೆ.”

ಅಂಗಡಿಯ ಮೂಲೆಯಲ್ಲಿ ಬಣ್ಣ ಬೆರೆಸುವ ಯಂತ್ರ ಬಂದು ಎರಡು ವರ್ಷವಾಗಿತ್ತು. ಗುಂಡಿ ಒತ್ತಿದರೆ ಸಾವಿರದೆಂಟು ಬಣ್ಣ. ಆದರೂ ಯಜಮಾನರು ಮೇಷ್ಟ್ರನ್ನು ಇಟ್ಟುಕೊಂಡಿದ್ದು ಆ ಸಾವಿರದೆಂಟರಲ್ಲಿ ಸಿಗದ ಸಾವಿರದ ಒಂಬತ್ತನೆಯದಕ್ಕೆ. ಅದು ಮೇಷ್ಟ್ರಿಗೂ ಗೊತ್ತಿತ್ತು. ಅವರ ಅನ್ನ, ಮಾನ ಎರಡೂ ಎರಡು ಕಣ್ಣುಗಳ ಮೇಲೆ ನಿಂತಿದ್ದವು.

ಮುಕ್ಕಾಲುವಿಗೂ ಅವರಿಗೂ ನಡುವೆ ಒಂದು ಗುಟ್ಟಿತ್ತು. ಅದು ತಿಂಗಳಿಗೆ ನಾಲ್ಕು ನೀಲಿ ಮಾತ್ರೆಗಳ ಗುಟ್ಟು.

ಮೇಷ್ಟ್ರಿಗೆ ಮದುವೆಯಾದದ್ದು ಮೂವತ್ತೊಂಬತ್ತಕ್ಕೆ. ಐವತ್ತರ ಮೇಲೆ ಸಕ್ಕರೆ ಕಾಯಿಲೆ ಬಂತು, ಅದರ ಹಿಂದೆಯೇ ಹಾಸಿಗೆಯ ಇನ್ನೊಂದು ಕೊರತೆಯೂ ಬಂತು. ಔಷಧಿ ಅಂಗಡಿಯ ಮಹಡಿಯ ಮೇಲೆ ಕೂರುವ ಡಾಕ್ಟರರು ಎದೆ ಪರೀಕ್ಷಿಸಿ, ಮೊದಲು ಐವತ್ತು ಮಿಲಿಗ್ರಾಮಿನ ಮಾತ್ರೆ ಕೊಟ್ಟು, ಸಾಲದೆ ಬಂದಾಗ ನೂರಕ್ಕೆ ಏರಿಸಿದ್ದರು. ಆ ಚೀಟಿ ಹಿಡಿದು ಮೊದಲ ಸಲ ಕೌಂಟರಿಗೆ ಬಂದ ದಿನ ಮೇಷ್ಟ್ರು ಮಾಡಿದ ಮೊದಲ ಮಾತು ಕೆಮ್ಮಿನ ಔಷಧಿಯ ಬಗ್ಗೆ. ಎರಡನೆಯದು ಹವಾಮಾನದ ಬಗ್ಗೆ. ಮೂರನೆಯದಾಗಿ ಚೀಟಿಯನ್ನು ಮಗುಚಿ ಇಟ್ಟು, “ತಡವಾಗಿ ಶುರು ಮಾಡಿದ್ದೀವಪ್ಪ, ಬೇಗ ಮುಗಿಸು ಅಂದ್ರೆ ಹೇಗೆ?” ಎಂದರು.

ಮುಕ್ಕಾಲು ನಗಲಿಲ್ಲ. ಅದು ಅವನ ಒಳ್ಳೆಯತನ. ಒಳ್ಳೆಯತನ ಅಲ್ಲಿಗೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಪ್ರತಿ ಗಿರಾಕಿಗೂ ಒಂದು ಪುಟವಿತ್ತು. ಆ ಪುಟಕ್ಕೆ ಹೊಸ ಔಷಧಿ ಸೇರಿಸಿದೊಡನೆ ಯಂತ್ರ ಹಳೆಯದರ ಜೊತೆ ತಾಳೆ ನೋಡಿ, ಎರಡಕ್ಕೂ ಆಗಿಬರದಿದ್ದರೆ ಕೆಂಪು ಪಟ್ಟಿ ತೋರಿಸುತ್ತಿತ್ತು. ಮೇಷ್ಟ್ರ ಸಕ್ಕರೆ ಮಾತ್ರೆ ಒಯ್ಯಲು ಬರುತ್ತಿದ್ದವರು ಅವರ ಹೆಂಡತಿ. ಬಿಲ್ಲಿನ ಜೊತೆ ಪುಟವೂ ಅಚ್ಚಾಗಿ ಬರುತ್ತದೆ. ಅಮ್ಮನವರು ಅದನ್ನು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದುವವರು. ಪಾಪ, ಮೇಷ್ಟ್ರ ಮಾನ ಏಕೆ ತೆಗೆಯಬೇಕು ಎಂದು ಮುಕ್ಕಾಲು ನೀಲಿ ಮಾತ್ರೆಯನ್ನು ‘ಕೌಂಟರ್ ಗಿರಾಕಿ’ ಎಂಬ ಯಾರದ್ದೂ ಅಲ್ಲದ ಪುಟಕ್ಕೆ ಹಾಕಿದ. ಆಮೇಲೆ ಬೀದಿಯ ಅಂಥ ಎಲ್ಲ ಗಂಡಸರಿಗೂ ಅದೇ ಮರ್ಯಾದೆ. ‘ಕೌಂಟರ್ ಗಿರಾಕಿ’ ಎಂಬ ಆ ಒಬ್ಬ ಮಹಾನುಭಾವ ತಿಂಗಳಿಗೆ ಅರವತ್ತೆಂಟು ಮಾತ್ರೆ ನುಂಗುತ್ತಿದ್ದ.

ಮೇಷ್ಟ್ರು ಬಂದು ಕನ್ನಡಕದ ಪೆಟ್ಟಿಗೆಯನ್ನು ಕೌಂಟರಿನ ಮೇಲಿಡುತ್ತಿದ್ದರು. ಮುಕ್ಕಾಲು ಅದನ್ನು ಕೆಳಗೆ ಒಯ್ದು ನಾಲ್ಕು ಮಾತ್ರೆ ತುಂಬಿ ಮೇಲಿಡುತ್ತಿದ್ದ. ಮಾತಿಲ್ಲ, ಕಥೆಯಿಲ್ಲ.

ಒಂದು ಸಲ ಮಾತ್ರ ಮಾತಾಗಿತ್ತು. ಪಕ್ಕದ ಜ್ಯೂಸಿನ ಅಂಗಡಿಗೆ ಎಲ್ಲಿಂದಲೋ ಗ್ರೇಪ್‌ಫ್ರೂಟಿನ ಪೆಟ್ಟಿಗೆಗಳು ಬಂದಿದ್ದವು. ಚಕ್ಕೋತದ ತಮ್ಮನ ಹಾಗೆ ಕಾಣುವ, ಒಳಗೆ ಕೆಂಪಗಿರುವ, ಕಹಿ ಹಣ್ಣು. ಸಕ್ಕರೆ ಕಾಯಿಲೆಗೆ ರಾಮಬಾಣ ಎಂದು ಜ್ಯೂಸಿನವನು ಹಲಗೆ ಬರೆದು ತೂಗುಹಾಕಿದ್ದ. ಮೇಷ್ಟ್ರು ದಿನಾ ಬೆಳಿಗ್ಗೆ ದೊಡ್ಡ ಲೋಟ ಕುಡಿಯತೊಡಗಿದರು. ಎರಡು ವಾರದ ಮೇಲೆ ಕೌಂಟರಿಗೆ ಬಂದು, “ಇತ್ತೀಚೆಗೆ ಅದನ್ನ ತಗೊಂಡ ದಿನ ಮುಖ ಬೆಂಕಿ ಹತ್ತಿದ ಹಾಗೆ ಆಗುತ್ತೆ ಕಣೋ. ತಲೆನೋವು ಬೇರೆ. ಮಾತ್ರೆ ಬ್ಯಾಚ್ ಬದಲಾಯ್ತಾ?” ಎಂದರು.

ಮುಕ್ಕಾಲುವಿಗೆ ಹಬ್ಬ. ಪರೀಕ್ಷೆಗೆ ಓದಿದ್ದು ಜೀವಂತವಾಗಿ ಎದುರಿಗೆ ಬಂದು ನಿಂತಿತ್ತು. “ಮೇಷ್ಟ್ರೇ, ಹೊಟ್ಟೆಗೆ ಹೋದ ಮಾತ್ರೆಯೆಲ್ಲ ರಕ್ತಕ್ಕೆ ಸೇರಲ್ಲ. ಕರುಳಿನ ಗೋಡೇಲಿ ಒಬ್ಬ ಕಾವಲುಗಾರ ಇದ್ದಾನೆ, ಲಿವರ್‌ನಲ್ಲಿ ಅವನ ಅಣ್ಣ. ಹೋಗ್ತಾ ಹೋಗ್ತಾ ಒಂದಷ್ಟನ್ನ ಅವರು ಮುರಿದು ಹಾಕ್ತಾರೆ. ಡಾಕ್ಟ್ರು ಅದನ್ನ ಲೆಕ್ಕ ಇಟ್ಟೇ ಡೋಸ್ ಬರೆಯೋದು. ಈ ಹಣ್ಣಿನ ರಸ ಕರುಳಿನವನನ್ನ ಮಲಗಿಸಿಬಿಡುತ್ತೆ, ಒಂದೆರಡು ದಿನ ಏಳಲ್ಲ. ಆಗ ರಕ್ತದಲ್ಲಿ ಮಾತ್ರೆ ಸ್ವಲ್ಪ ಹೆಚ್ಚಾಗುತ್ತೆ. ಎಲ್ಲರಿಗೂ ಒಂದೇ ಥರ ಅಲ್ಲ, ಕೆಲವರಿಗೆ ಏನೂ ಆಗಲ್ಲ. ನಿಮಗೆ ಆಗ್ತಿದೆ. ಜ್ಯೂಸ್ ಬಿಡಿ.”

“ಅಂದ್ರೆ ಥಿನ್ನರ್ ಕಮ್ಮಿ ಆದ ಬಣ್ಣ.”

“ಹಾಂ, ಹಾಗೇ ಅಂದ್ಕೊಳ್ಳಿ.”

“ಕಿತ್ತಳೆ?”

“ಮಾಮೂಲಿ ಕಿತ್ತಳೆ ಪರವಾಗಿಲ್ಲ. ಸಕ್ಕರೆ ನೋಡ್ಕೊಳ್ಳಿ ಅಷ್ಟೇ.”

ಜ್ಯೂಸ್ ಬಿಟ್ಟರು, ತಲೆನೋವು ಹೋಯಿತು. ಮೇಷ್ಟ್ರು ಬೀದಿಯಲ್ಲೆಲ್ಲ “ನಮ್ಮ ಮುಕ್ಕಾಲು ಈಗ ಮುಕ್ಕಾಲೇ ಮೂರು ವೀಸ, ಪೂರ್ತಿಗೆ ಒಂದೇ ವೀಸ ಕಮ್ಮಿ” ಎಂದು ಸಾರಿದರು, ಯಾಕೆಂದು ಮಾತ್ರ ಹೇಳಲಿಲ್ಲ. ಮುಕ್ಕಾಲು ಮೂರು ದಿನ ನೆಲಕ್ಕೆ ಕಾಲಿಡಲಿಲ್ಲ. ಸಣ್ಣ ಇಲಿಯನ್ನು ಹಿಡಿದ ಬೆಕ್ಕಿಗೆ ಮನೆಯಲ್ಲಿ ಇನ್ನು ಹಾವೂ ಇಲ್ಲ ಎಂಬ ನಂಬಿಕೆ ಬಂದಹಾಗೆ.

ಮರುವರ್ಷ ಮೇಷ್ಟ್ರ ಕಾಲಿನ ಉಗುರುಗಳಿಗೆ ಬೂಸ್ಟು ಹಿಡಿಯಿತು. ದಿನವಿಡೀ ರಬ್ಬರ್ ಬೂಟಿನೊಳಗೆ ಬೆವೆತ ಕಾಲು, ಮೇಲೆ ಸಕ್ಕರೆ. ಹೆಬ್ಬೆರಳ ಉಗುರು ದಪ್ಪಗಾಗಿ, ಹಳದಿಯಾಗಿ, ಪುಡಿ ಉದುರತೊಡಗಿತು. ಚರ್ಮದ ಡಾಕ್ಟರು ಲಿವರ್ ಪರೀಕ್ಷೆ ಮಾಡಿಸಿ, ಬೂಸ್ಟಿಗೆ ಕ್ಯಾಪ್ಸೂಲು ಬರೆದರು. ತಿಂಗಳಲ್ಲಿ ಒಂದು ವಾರ, ದಿನಕ್ಕೆ ಎರಡು ಹೊತ್ತು. ಮಿಕ್ಕ ಮೂರು ವಾರ ಬಿಡುವು. ಹೀಗೆ ಮೂರು ತಿಂಗಳು. “ಬೇರೆ ಏನಾದ್ರೂ ಮಾತ್ರೆ ತಗೊಳ್ತೀರಾ?” ಎಂದು ಅವರು ಕೇಳಿದ್ದರು. ಪಕ್ಕದ ಕುರ್ಚಿಯಲ್ಲಿ ಹೆಂಡತಿ. ಮೇಷ್ಟ್ರು “ಸಕ್ಕರೇದು ಒಂದೇ” ಎಂದಿದ್ದರು.

ಸೋಮವಾರ ಅಮ್ಮನವರು ಚೀಟಿ ತಂದರು. ಮುಕ್ಕಾಲು ಕ್ಯಾಪ್ಸೂಲನ್ನು ಮೇಷ್ಟ್ರ ಪುಟಕ್ಕೆ ಸೇರಿಸಿದ. ಪುಟದಲ್ಲಿದ್ದುದು ಸಕ್ಕರೆ ಮಾತ್ರೆ ಮಾತ್ರ. ಯಂತ್ರ ತಾಳೆ ನೋಡಿತು, ಸುಮ್ಮನಾಯಿತು. “ಹೊಟ್ಟೆ ತುಂಬ ಊಟ ಆದ ಮೇಲೆ ಕೊಡಿ ಅಮ್ಮಾ, ಖಾಲಿ ಹೊಟ್ಟೇಲಿ ಬೇಡ,” ಎಂದು ಸರಿಯಾಗಿಯೇ ಹೇಳಿದ. ಅದೇ ವಾರ ಬುಧವಾರ ಮೇಷ್ಟ್ರು ಬಂದು ಕನ್ನಡಕದ ಪೆಟ್ಟಿಗೆ ಇಟ್ಟರು. ನಾಲ್ಕು ಮಾತ್ರೆ ತುಂಬಿದ. ಎರಡು ದಿನದ ಅಂತರದಲ್ಲಿ ಎರಡೂ ಅವನ ಕೈಯಿಂದಲೇ ಹೋಗಿದ್ದವು. ಆದರೆ ಅವನ ತಲೆಯಲ್ಲೂ ಎರಡು ಪುಟಗಳಿದ್ದವು. ಒಂದು ಮೇಷ್ಟ್ರದು, ಇನ್ನೊಂದು ಕೌಂಟರ್ ಗಿರಾಕಿಯದು. ಹಣ್ಣಿನ ರಸ ಕರುಳಿನ ಕಾವಲುಗಾರನನ್ನು ಒಂದಷ್ಟು ಮಲಗಿಸುತ್ತದೆ, ಈ ಕ್ಯಾಪ್ಸೂಲು ಅವನನ್ನೂ ಅವನ ಅಣ್ಣನನ್ನೂ ಕೈಕಾಲು ಕಟ್ಟಿ ಕೂರಿಸುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು. ಐದು ಅಂಕದ ಪ್ರಶ್ನೆ, ನಾಲ್ಕೂವರೆ ಬಂದಿತ್ತು.

ಗುರುವಾರ ಸಂಜೆ ಮೇಷ್ಟ್ರು ಗ್ರಂಥಾಲಯಕ್ಕೆ ಹೋಗಿದ್ದರು. ಓದುವ ಕೋಣೆಯ ಒಂದು ಗೋಡೆ ನೀರು ಸೋರಿ ಹಾಳಾಗಿ, ಗಾರೆ ಹೊಸದಾಗಿತ್ತು. ಮಿಕ್ಕ ಮೂರು ಗೋಡೆಗಳು ಹಳೆಯವು. ಕೆನೆಗೂ ಬೂದಿಗೂ ನಡುವಿನ, ಹೆಸರಿಲ್ಲದ ಬಣ್ಣ. ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತರು, ನೋಡಿದರು, ಮನೆಗೆ ಹೋದರು. ಆ ರಾತ್ರಿ ಮಾತ್ರೆ ತೆಗೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಬರುವಾಗ ಮೇಷ್ಟ್ರಿಗೆ ತಲೆ ತಿರುಗಿದಂತಿತ್ತು, ಮೂಗು ಕಟ್ಟಿತ್ತು. ಕಲಸಲು ಕೂತರು. ಬಿಳಿಯ ಡ್ರಮ್ಮಿಗೆ ಬೂದಿ ಹಾಕಿದರು, ಕೆನೆ ಹಾಕಿದರು, ಕೋಲಿನಿಂದ ಕಲಕಿದರು. ನಲವತ್ತು ವರ್ಷದ ಬಣ್ಣ ಪದರ ಪದರವಾಗಿ ಹತ್ತಿ ತೋಳಿನಷ್ಟು ದಪ್ಪವಾಗಿದ್ದ ಕೋಲು ಅದು. ತಲೆಯಲ್ಲಿ ನೆನೆದಿದ್ದ ಗೋಡೆಗಿಂತ ಡ್ರಮ್ಮಿನ ಬಣ್ಣ ತಣ್ಣಗೆ, ನೀಲಿಗೆ ಕಂಡಿತು. ಹಳದಿ ಹಾಕಿದರು. ಇನ್ನೂ ನೀಲಿ. ಇನ್ನಷ್ಟು ಹಾಕಿದರು. ಪಕ್ಕದಲ್ಲಿ ಚಕ್ಕೆ ಇದ್ದಿದ್ದರೆ ಅದೂ ಅಷ್ಟೇ ನೀಲಿಯಾಗಿ ಕಂಡು, ಏನೋ ಆಗಿದೆ ಎಂದು ಗೊತ್ತಾಗುತ್ತಿತ್ತು. ಅವರು ಹೊಂದಿಸುತ್ತಿದ್ದುದು ನಿನ್ನೆಯ ಕಣ್ಣು ಕಂಡದ್ದಕ್ಕೆ, ಇಂದಿನ ಕಣ್ಣಿನಿಂದ.

ಯಜಮಾನರು ಇಣುಕಿ ನೋಡಿ, “ಹಳದಿ ಜಾಸ್ತಿ ಆಯ್ತೇನೋ?” ಎಂದರಂತೆ.

“ಒಣಗಲಿ ಬಿಡಿ,” ಎಂದರು ಮೇಷ್ಟ್ರು. ನಲವತ್ತೆರಡು ವರ್ಷದಲ್ಲಿ ಆ ಮಾತಿಗೆ ಎದುರಾಡಿದವರಿರಲಿಲ್ಲ.

ಹನ್ನೊಂದರ ಹೊತ್ತಿಗೆ ಅವರು ರಸ್ತೆ ದಾಟಿ ಬಂದರು. ಆ ಹದಿನಾಲ್ಕು ಹೆಜ್ಜೆಯಲ್ಲಿ ಒಮ್ಮೆ ನಿಂತು ಕಂಬ ಹಿಡಿದದ್ದನ್ನು ಮುಕ್ಕಾಲು ಗಾಜಿನ ಮೂಲಕ ಕಂಡ.

“ಕಣ್ಣಿಗೆ ಏನಾದ್ರೂ ಹಾಕೋದು ಕೊಡಪ್ಪ. ಬೆಳಿಗ್ಗೆಯಿಂದ ಎಲ್ಲದರ ಮೇಲೂ ನೀಲಿ ಪರದೆ ಎಳೆದ ಹಾಗಿತ್ತು. ನಿನ್ನ ಕೋಟೂ ನೀಲಿ. ಈಗ ಸ್ವಲ್ಪ ಇಳಿದಿದೆ.”

ಮುಕ್ಕಾಲುವಿನ ತಲೆಯಲ್ಲಿ ಎಚ್ಚರಿಕೆಯ ಗಂಟೆ ಬಡಿಯಿತು. ನೀಲಿ ಕಾಣುವುದು ಆ ಮಾತ್ರೆ ರಕ್ತದಲ್ಲಿ ಹೆಚ್ಚಾದಾಗಿನ ಗುರುತು. ನಿನ್ನೆ ತಗೊಂಡ್ರಾ ಎಂದು ಕೇಳಬೇಕಿತ್ತು. ಎರಡೇ ಮಾತು. ಮೇಷ್ಟ್ರ ಹಿಂದೆ ಶಾಲೆಯ ಹೆಡ್‌ಮೇಡಂ ನಿಂತಿದ್ದರು, ಅವರ ಹಿಂದೆ ಬಣ್ಣದ ಅಂಗಡಿಯ ಯಜಮಾನರ ತಂಗಿ. ಬಾಯಿ ತೆರೆದ. ನಾಲ್ಕು ವರ್ಷದಿಂದ ನೂರೇ ನುಂಗುತ್ತಿದ್ದಾರೆ, ಒಂದು ದಿನವೂ ನೀಲಿ ಕಂಡಿಲ್ಲ, ಇದು ಕಣ್ಣಿನದೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ತೆರೆದ ಬಾಯಿಂದ ಬಂದದ್ದು, “ಕಣ್ಣು ಒಣಗಿರಬೇಕು ಮೇಷ್ಟ್ರೇ. ದಿನಕ್ಕೆ ನಾಲ್ಕು ಸಲ ಎರಡೆರಡು ಹನಿ.”

ಮೇಷ್ಟ್ರು ಹನಿ ತೆಗೆದುಕೊಂಡು, ನಂಬಿಕೆಯಿಂದ, ಹೋದರು.

ಗ್ರಂಥಾಲಯದ ಗೋಡೆ ಒಣಗಿದ ಮೇಲೂ ಮೊಟ್ಟೆಯ ಹಳದಿಯಂತೆಯೇ ಉಳಿಯಿತು. ಬಳಿದವನು ಬಂದು, “ಮೇಷ್ಟ್ರೇ, ಗೋಡೆಗೆ ಕಾಮಾಲೆ ಆಗಿದೆ,” ಎಂದ. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಹೋಗಿ ನೋಡಿದರು, ಆಗ ಕಣ್ಣು ಸರಿಯಿತ್ತು, ತಪ್ಪು ಕಣ್ಣಿಗೆ ರಾಚಿತು. ಮಂಗಳವಾರ ಮತ್ತೆ ಕಲಸಬೇಕಿತ್ತು. ಕ್ಯಾಪ್ಸೂಲಿನ ವಾರ ಮುಗಿದಿತ್ತು, ಆದರೆ ಅದು ಮೈಯಿಂದ ಹೋಗಲು ಇನ್ನೂ ಒಂದೆರಡು ವಾರ ಬೇಕು. ಮನಸ್ಸಿಗೆ ಬೇಜಾರಾಗಿದ್ದರಿಂದಲೋ ಏನೋ, ಸೋಮವಾರ ರಾತ್ರಿ ಇನ್ನೊಂದು ನೀಲಿ ಮಾತ್ರೆ ನುಂಗಿದ್ದರು. ಮಂಗಳವಾರ ಬೆಳಿಗ್ಗೆ ಡ್ರಮ್ಮು ಮತ್ತೆ ನೀಲಿಯಾಗಿ ಕಂಡಿತು. ಈ ಸಲ ಅವರಿಗೆ ತಮ್ಮ ಕಣ್ಣಿನ ಮೇಲೇ ಗುಮಾನಿ. ಹಳದಿ ಹಾಕಿದರು, ಬಿಳಿ ಸುರಿದರು, ಬೂದಿ ಹಾಕಿದರು, ಎದ್ದರು, ಕೂತರು. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮಿನಲ್ಲಿ ಯಾವ ಗೋಡೆಗೂ ಸೇರದ ಒಂದು ಬಣ್ಣ ಕೂತಿತ್ತು. ಕೋಲನ್ನು ಒರೆಸಿ ಯಂತ್ರದ ಪಕ್ಕ ನಿಲ್ಲಿಸಿ, ಯಜಮಾನರಿಗೆ, “ಕಣ್ಣು ಹೋಯ್ತು ಸ್ವಾಮಿ. ಯಾರಾದ್ರೂ ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ,” ಎಂದು ಮನೆಗೆ ನಡೆದರು.

ಮುಕ್ಕಾಲುವಿಗೆ ಇದೆಲ್ಲ ತಿಳಿದದ್ದು ಬೀದಿಯ ಸುದ್ದಿಯಾಗಿ. “ವಯಸ್ಸಾಯ್ತು, ಪಾಪ,” ಎಂದು ಜ್ಯೂಸಿನವನು ಹೇಳಿದಾಗ, “ಹೌದು, ಪಾಪ,” ಎಂದು ಅವನೂ ತಲೆಯಾಡಿಸಿದ್ದ. ಆ ತಲೆಯಾಟವನ್ನು ನೆನೆದರೆ ಅವನಿಗೆ ಇವತ್ತಿಗೂ ಕತ್ತು ನೋಯುತ್ತದೆ.

ಮೂರು ವಾರದ ಮೇಲೆ ಅಮ್ಮನವರು ಎರಡನೆಯ ಸುತ್ತಿನ ಕ್ಯಾಪ್ಸೂಲಿಗೆ ಬಂದರು. ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಮೇಷ್ಟ್ರ ಕನ್ನಡಕದ ಪೆಟ್ಟಿಗೆ.

“ಮನೆಯಿಂದ ಹೊರಗೇ ಬರಲ್ಲಪ್ಪ ಅವರು. ಕಣ್ಣಿನ ಡಾಕ್ಟ್ರು ನೋಡಿ ಏನೂ ಇಲ್ಲ ಅಂದ್ರು. ಇದರಲ್ಲೂ ಹಾಕಿಕೊಡು, ನಾಲ್ಕು,” ಎಂದು ಪೆಟ್ಟಿಗೆ ಮುಂದಿಟ್ಟರು.

ಮುಕ್ಕಾಲು ಪೆಟ್ಟಿಗೆಯನ್ನೂ ಅವರನ್ನೂ ನೋಡಿದ. “ಏನು ಹಾಕಬೇಕು ಅಮ್ಮಾ?”

“ಏನು ಅಂದ್ರೆ? ನೀಲೀದು.”

“ನಿಮಗೆ... ಗೊತ್ತಾ?”

ಅಮ್ಮನವರು ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದರು. “ನನಗೆ ಗೊತ್ತಿಲ್ದೆ ಇನ್ಯಾರಿಗಪ್ಪ ಗೊತ್ತಿರಬೇಕು? ಡಾಕ್ಟ್ರ ಹತ್ರ ಹೋಗಿ ಅಂತ ಕಳಿಸಿದ್ದೇ ನಾನು. ನನಗೆ ಗೊತ್ತಿಲ್ಲ ಅಂತ ಅವರು ಅಂದ್ಕೊಂಡಿದ್ರೆ ಅಂದ್ಕೊಳ್ಳಲಿ, ಸುಖವಾಗಿರಲಿ ಅಂತ ಬಿಟ್ಟಿದ್ದೆ. ಪಾಪ, ನಿಂಗೂ ಹಾಗೇ ಹೇಳಿದ್ರಾ?”

ಯಾರಿಂದ ಮುಚ್ಚಿಡಲು ಅವನು ಒಬ್ಬ ಇಲ್ಲದ ಗಿರಾಕಿಯನ್ನು ಹುಟ್ಟಿಸಿದ್ದನೋ ಅವರು ಎಲ್ಲವನ್ನೂ ಮೊದಲಿಂದ ಬಲ್ಲವರಾಗಿದ್ದರು. ಅವರ ಒಂದು ಕೈಯಲ್ಲಿ ಬೂಸ್ಟಿನ ಕ್ಯಾಪ್ಸೂಲಿನ ಚೀಟಿ, ಮುಂದೆ ಖಾಲಿ ಪೆಟ್ಟಿಗೆ. ಎರಡನ್ನೂ ಅವನು ಅಕ್ಕಪಕ್ಕದಲ್ಲಿ ಕಂಡದ್ದು ಅದೇ ಮೊದಲು. ಮುಕ್ಕಾಲು ಮೇಷ್ಟ್ರ ಪುಟ ತೆರೆದು, ನೀಲಿ ಮಾತ್ರೆಯ ಹೆಸರನ್ನು ಮೊದಲ ಸಲ ಅಲ್ಲಿ ಬರೆದ. ಪರದೆಯ ಅಂಚಿನಿಂದ ಅಂಚಿಗೆ ಕೆಂಪು ಪಟ್ಟಿ ಹರಿಯಿತು.

“ಅಮ್ಮಾ, ಎರಡೂ ಕೊಡಲ್ಲ. ಮೇಷ್ಟ್ರನ್ನ ಕರ್ಕೊಂಡು ಬನ್ನಿ. ಮೇಲಿನ ಡಾಕ್ಟ್ರ ಹತ್ರ ನಾನೂ ಬರ್ತೀನಿ.”

ಡಾಕ್ಟರರ ಕೋಣೆಯಲ್ಲಿ ಮೂರೇ ಕುರ್ಚಿ. ಮುಕ್ಕಾಲು ತೂಕದ ಯಂತ್ರದ ಪಕ್ಕ ನಿಂತ, ನಡೆದದ್ದನ್ನು ಹೇಳಿದ. ಡಾಕ್ಟರರು ಮೇಷ್ಟ್ರ ರಕ್ತದೊತ್ತಡವನ್ನು ಕೂತಾಗ ಒಮ್ಮೆ, ನಿಂತಾಗ ಒಮ್ಮೆ ನೋಡಿದರು.

“ಎದೆನೋವಿಗೆ ನಾಲಿಗೆ ಕೆಳಗೆ ಇಡೋ ಮಾತ್ರೆ ಯಾರಾದ್ರೂ ಕೊಟ್ಟಿದ್ದಾರಾ?”

“ಇಲ್ಲ.”

“ಸದ್ಯ. ಅದೊಂದು ಇದರ ಜೊತೆ ಯಾವತ್ತೂ ಕೂಡದು. ನೋಡಿ, ನಾನು ನಿಮಗೆ ಬರೆದದ್ದು ನೂರು. ಈ ಕ್ಯಾಪ್ಸೂಲ್ ಇರೋವಾಗ ನಿಮ್ಮ ಮೈ ಅದನ್ನ ಮುರಿಯೋಕೆ ಆಗಲ್ಲ. ನೂರು ನುಂಗಿದ್ರೆ ರಕ್ತಕ್ಕೆ ಅದರ ಎಷ್ಟೋ ಪಟ್ಟು ನುಂಗಿದ ಹಾಗೆ. ರಾತ್ರಿ ಇಳೀಬೇಕಾದ್ದು ಮಾರನೇ ದಿನಾನೂ ಇರುತ್ತೆ. ತಲೆ ತಿರುಗೋದು, ನೀಲಿ ಕಾಣೋದು ಎಲ್ಲ ಅದೇ. ಬಿದ್ದು ತಲೆ ಒಡ್ಕೊಂಡಿಲ್ವಲ್ಲ, ಪುಣ್ಯ.”

“ಹಾಗಾದ್ರೆ ಕಣ್ಣು?” ಎಂದರು ಮೇಷ್ಟ್ರು.

“ಕಣ್ಣಿಗೆ ಏನೂ ಆಗಿಲ್ಲ. ಮಾತ್ರೆ ಇಳಿದ ಹಾಗೆ ಅದೂ ಇಳಿದಿದೆ.”

ಅಮ್ಮನವರು ಸೆರಗಿನಿಂದ ಕನ್ನಡಕ ಒರೆಸಿದರು. ಡಾಕ್ಟರರು ಬರೆಯತೊಡಗಿದರು. “ಕ್ಯಾಪ್ಸೂಲಿನ ಮೂರು ತಿಂಗಳು, ಮುಗಿದ ಮೇಲೆ ಎರಡು ವಾರ, ನೀಲಿ ಮಾತ್ರೆ ಬೇಡ. ನಡುವೆ ಬೇಕೇ ಬೇಕು ಅಂದ್ರೆ ನನ್ನ ಕೇಳಿ. ಕೊಟ್ಟರೂ ಇಪ್ಪತ್ತೈದೇ ಕೊಡೋದು, ಮನೇಲಿರೋ ನೂರನ್ನಲ್ಲ. ವೈರಸ್ಸಿನ ಔಷಧಿಗಳಲ್ಲೂ ಕೆಲವು ಹೀಗೇ, ಇದಕ್ಕಿಂತ ಜೋರು. ಅವುಗಳಲ್ಲಿ ಒಂದರ ಜೊತೆಗಂತೂ ಇಪ್ಪತ್ತೈದನ್ನೂ ಎರಡು ದಿನಕ್ಕೊಂದಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ. ಯಾವ ಡಾಕ್ಟ್ರು ಕೇಳಿದ್ರೂ ಇದೊಂದನ್ನ ಬಾಯಿಬಿಟ್ಟು ಹೇಳಿ.” ಪೆನ್ನು ಕೆಳಗಿಟ್ಟರು. “ಹೋದ ಸಲ ಬಂದಾಗ ಉಗುರು ತೋರಿಸಿದ್ರಿ. ಚರ್ಮದವರ ಹತ್ರ ಕಳಿಸಿದ್ದು ನಾನೇ. ನೀಲಿ ಮಾತ್ರೆ ತಗೊಳ್ತಾರೆ ಅಂತ ನಾನೂ ಒಂದು ಸಾಲು ಬರೆದು ಕಳಿಸಬಹುದಿತ್ತು.”

ಮೆಟ್ಟಿಲಿಳಿಯುವಾಗ ಮುಕ್ಕಾಲು ಹಿಂದಿನಿಂದ, “ಮೇಷ್ಟ್ರೇ, ನನ್ನದೇ ತಪ್ಪು. ಅವತ್ತು ನೀವು ನೀಲಿ ಅಂದಾಗ ನನಗೆ ಹೊಳೆದಿತ್ತು. ಕೇಳಲಿಲ್ಲ,” ಎಂದ.

“ಯಾಕೆ ಕೇಳಲಿಲ್ಲ?”

“ಹಿಂದೆ ಹೆಡ್‌ಮೇಡಂ ನಿಂತಿದ್ರು.”

ಮೇಷ್ಟ್ರು ಕಂಬಿ ಹಿಡಿದು ಇನ್ನೆರಡು ಮೆಟ್ಟಿಲು ಇಳಿದರು. “ಆಕೆಗೂ ಮನೇಲಿ ಗಂಡ ಇದ್ದಾನೆ ಕಣೋ,” ಎಂದರು. ನಗುವೇನೋ ಎಂದು ಮುಕ್ಕಾಲು ಮುಖ ನೋಡಿದ. ನಗು ಇರಲಿಲ್ಲ.

ಅವತ್ತೇ ಸಂಜೆ ಮುಕ್ಕಾಲು ಮೇಷ್ಟ್ರ ಒಪ್ಪಿಗೆ ಕೇಳಿ, ರಸ್ತೆ ದಾಟಿ ಯಜಮಾನರ ಬಳಿ ಹೋದ. ಯಾವ ಮಾತ್ರೆ ಎಂದು ಹೇಳದೆ, ಔಷಧಿಯ ದೆಸೆಯಿಂದ ಕಣ್ಣಿಗೆ ಹಾಗಾಗಿತ್ತು, ಈಗ ಸರಿಯಾಗಿದೆ ಎಂದ. ಯಜಮಾನರು ಒಳ್ಳೆಯವರು. “ನಾಳೆಯೇ ಬರಲಿ. ಕೋಲು ಅಲ್ಲೇ ಇದೆ,” ಎಂದರು.

ಮೇಷ್ಟ್ರು ಹೋದರು. ಹೋಗಿ ನಾಲ್ಕು ದಿನ ಕಲಸಿದರು. ಐದನೆಯ ದಿನ ಮುಕ್ಕಾಲು ಊಟದ ಬಿಡುವಿನಲ್ಲಿ ಅಲ್ಲಿಗೆ ಹೋದಾಗ ಅವರ ಪಕ್ಕದಲ್ಲಿ ಗೋಡೆಯ ಚಕ್ಕೆಯೊಂದಿತ್ತು. ಕಲಸುವುದು, ಚಕ್ಕೆ ನೋಡುವುದು. ಮತ್ತೆ ಕಲಸುವುದು, ಚಕ್ಕೆ ಎತ್ತಿ ಬೆಳಕಿಗೆ ಹಿಡಿಯುವುದು. ಯಜಮಾನರನ್ನು ಕರೆದು, “ಇದು ಸರಿ ಇದೆಯಾ ನೋಡಿ,” ಎನ್ನುವುದು.

“ಸರಿಯಾಗಿಯೇ ಇದೆ ಮೇಷ್ಟ್ರೇ,” ಎಂದ ಮುಕ್ಕಾಲು. ಅದು ನಿಜವಾಗಿಯೂ ಸರಿಯಿತ್ತು.

“ಸರಿ ಇದೆ ಅಂತ ನನಗೂ ಕಾಣುತ್ತೆ. ಅವತ್ತೂ ಸರಿ ಇದೆ ಅಂತಾನೇ ಕಂಡಿತ್ತು.” ಕೋಲನ್ನು ಡ್ರಮ್ಮಿನ ಅಂಚಿಗೆ ಒರಗಿಸಿದರು. “ಕಣ್ಣು ಬಂತಪ್ಪ. ಅದರ ಮೇಲಿನ ನಂಬಿಕೆ ಬರಲಿಲ್ಲ. ಚಕ್ಕೆ ಇಟ್ಕೊಂಡು ಕಲಸೋಕೆ ಆ ಯಂತ್ರ ಸಾಕಲ್ಲ, ನಾನ್ಯಾಕೆ?”

“ಮೂರು ವಾರ ಮುಂಚೆ ಗೊತ್ತಾಗಿದ್ರೆ...”

“ಗೊತ್ತಾಗಿದ್ರೆ ಅವತ್ತೇ ನಕ್ಕು ಬಿಡ್ತಿದ್ದೆ. ಗಂಡಸ್ತನದ ಮಾತ್ರೆ ಗೋಡೆಗೆ ಕಾಮಾಲೆ ತರಿಸ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಮೂರು ವಾರ ಮನೇಲಿ ಕೂತು ನನ್ನ ಕಣ್ಣು ಸತ್ತುಹೋಯ್ತು ಅಂತ ಅತ್ತಿದ್ದೀನಲ್ಲ, ಅದನ್ನ ಎಲ್ಲಿಗೆ ಕಳಿಸಲಿ?”

ತಿಂಗಳು ತುಂಬಿದ ಮೇಲೆ ಮೇಷ್ಟ್ರು ಕೆಲಸ ಬಿಟ್ಟರು. ಜಗಳವಿಲ್ಲ, ಕೋಪವಿಲ್ಲ.

ಮುಕ್ಕಾಲು ‘ಕೌಂಟರ್ ಗಿರಾಕಿ’ಯ ಪುಟವನ್ನು ಅಳಿಸಿದ. ಅರವತ್ತೆಂಟು ಮಾತ್ರೆಗಳನ್ನು ಅವರವರ ಪುಟಕ್ಕೆ ಹಿಂತಿರುಗಿಸುವುದಕ್ಕೆ ಎರಡು ತಿಂಗಳು ಹಿಡಿಯಿತು, ಬಿಲ್ಲಿನ ಮೇಲೆ ಪುಟ ಅಚ್ಚಾಗದಂತೆ ಮಾಡುವುದಕ್ಕೆ ಎರಡು ನಿಮಿಷ. ಆ ಎರಡು ನಿಮಿಷದ ಗುಂಡಿ ಮೊದಲಿಂದಲೂ ಅಲ್ಲೇ ಇತ್ತು, ಅವನು ಹುಡುಕಿರಲಿಲ್ಲ. ಕೌಂಟರಿನ ತುದಿಯಲ್ಲಿ ಹಲಗೆ ಅಡ್ಡ ಇಟ್ಟು ಒಂದು ಮೂಲೆ ಮಾಡಿದ. ಅಲ್ಲಿಗೆ ಕರೆದು, ದನಿ ತಗ್ಗಿಸಿ, ಈಗ ಎಲ್ಲವನ್ನೂ ಕೇಳುತ್ತಾನೆ. ಉಗುರು, ಜ್ವರ, ಎದೆನೋವು, ಜ್ಯೂಸು. ಕೆಲವರು ಬೈದು ಬೇರೆ ಅಂಗಡಿಗೆ ಹೋದರು. ಇಬ್ಬರು ಡಾಕ್ಟರರ ಬಳಿ ಹೋಗಿ ಡೋಸು ಇಳಿಸಿಕೊಂಡು ಬಂದರು.

ಮರುವರ್ಷದ ಚಳಿಯಲ್ಲಿ ಊರಿಗೆ ಜ್ವರ ಬಂತು. ಮೇಷ್ಟ್ರಿಗೂ ಬಂತು. ವಯಸ್ಸು, ಸಕ್ಕರೆ ನೋಡಿ ಆಸ್ಪತ್ರೆಯವರು ಐದು ದಿನದ ವೈರಸ್ಸಿನ ಮಾತ್ರೆ ಬರೆದರು. ಪೊಟ್ಟಣದಲ್ಲಿ ಎರಡು ಬಗೆ. ಒಂದು ವೈರಸ್ಸಿಗೆ, ಇನ್ನೊಂದು ಆ ಒಂದನ್ನು ಮೈ ಬೇಗ ಮುರಿಯದ ಹಾಗೆ ಕಾವಲುಗಾರರನ್ನು ಕಟ್ಟಿಹಾಕುವುದಕ್ಕೆ. ಡಾಕ್ಟರರು ಜೋರು ಎಂದದ್ದು ಇದನ್ನೇ. ಪರದೆಯ ಮೇಲೆ ಕೆಂಪು ಪಟ್ಟಿ ತಾನಾಗಿಯೇ ಬಂತು. ಮುಕ್ಕಾಲು, ಚೀಟಿ ತಂದಿದ್ದ ಅಮ್ಮನವರಿಂದ ಮನೆಗೆ ಫೋನು ಮಾಡಿಸಿ, ಮೂಲೆಗೆ ಹೋಗಿ ನಿಂತು, ಕೇಳಿದ.

“ಮೇಷ್ಟ್ರೇ, ನಾನು, ಮುಕ್ಕಾಲು. ನೀಲೀದು ಕೊನೇ ಸಲ ಯಾವಾಗ ತಗೊಂಡ್ರಿ? ಈ ಐದು ದಿನ, ಆಮೇಲೂ ಕೆಲವು ದಿನ ಮುಟ್ಟಬಾರದು. ಮತ್ತೆ ಶುರು ಮಾಡೋದನ್ನ ಡಾಕ್ಟ್ರೇ ಹೇಳಬೇಕು.”

ಆ ಕಡೆ ಕೆಮ್ಮು. ಕೆಮ್ಮಿನ ನಡುವೆ ಮೇಷ್ಟ್ರ ದನಿ. “ಚೆನ್ನಾಗಿ ಕೇಳ್ತೀಯ ಕಣೋ ಈಗ.”

“ಹೇಳಿ ಮೇಷ್ಟ್ರೇ.”

“ಅವತ್ತಿನಿಂದ ತಗೊಂಡಿಲ್ಲ. ಅದರ ಮೇಲೂ ನಂಬಿಕೆ ಹೋಯ್ತು.” ಮತ್ತೆ ಕೆಮ್ಮಿ, “ಪೊಟ್ಟಣ ಕಳಿಸು. ಅವಳು ಕಾಯ್ತಿರ್ತಾಳೆ,” ಎಂದರು.

ಅಮ್ಮನವರು ಕೌಂಟರಿನ ಆ ಬದಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ಹೊತ್ತು ಹೊತ್ತಿಗೆ ಹೇಗೆ ಕೊಡಬೇಕೆಂದು ಎರಡು ಸಲ ಹೇಳಿಸಿಕೊಂಡು, ಹೋದರು.

ಮುಕ್ಕಾಲುವಿನ ಕೋಣೆ ಗ್ರಂಥಾಲಯದ ಹಿಂದಿನ ಬೀದಿಯಲ್ಲಿದೆ. ಕೆಲಸ ಮುಗಿಸಿ ಹೋಗುವಾಗ ಓದುವ ಕೋಣೆಯ ಕಿಟಕಿ ಸಿಗುತ್ತದೆ. ಆ ಗೋಡೆಯನ್ನು ಮತ್ತೆ ಬಳಿಸುವ ಮಾತು ಹಾಗೆಯೇ ನಿಂತುಹೋಗಿತ್ತು. ಓದುವವರಿಗೆ ಅದು ರೂಢಿಯಾಗಿತ್ತು. ಹಳದಿ ಗೋಡೆಯ ಪಕ್ಕದ ಮೇಜು ಬೆಚ್ಚಗೆ ಕಾಣುತ್ತದೆಂದು ಕೆಲವರು ಅಲ್ಲಿಗೇ ಹೋಗಿ ಕೂರುತ್ತಿದ್ದರಂತೆ. ಆ ಸಂಜೆ ಅವನು ಒಳಗೆ ಹೋಗಿ, ಒಂದು ಕುರ್ಚಿ ಎಳೆದುಕೊಂಡು, ಮೇಷ್ಟ್ರು ಕೂರುತ್ತಿದ್ದ ಹಾಗೆ ಹಳೆಯ ಗೋಡೆಯ ಮುಂದೆ ಕಾಲು ಗಂಟೆ ಕೂತ. ಮನೆಗೆ ಹೋಗಿ ಕಣ್ಣು ಮುಚ್ಚಿ ಆ ಬಣ್ಣವನ್ನು ನೆನೆಸಿಕೊಳ್ಳಲು ನೋಡಿದ. ಬರಲಿಲ್ಲ. ಬಂದದ್ದು ಹಳದಿಯೊಂದೇ.